0.7 ಎಲ್ಲಿಂದ ಬಂತು? ಅಬ್ಲೇಷನ್ ಕೋಷ್ಟಕವನ್ನು ಓದುವ ಬಗೆ

ಪ್ರಶ್ನೆ: ಕಾನ್ವ್‌ನೆಕ್ಸ್ಟ್ ಪೇಪರ್‌ನಲ್ಲಿ ಕರ್ನಲ್ ಅನ್ನು 3×3ರಿಂದ 7×7ಕ್ಕೆ ಹಿಗ್ಗಿಸಿದಾಗ ನಿಖರತೆ 79.9ರಿಂದ 80.6ಕ್ಕೆ ಏರಿತು ಎಂದಿದೆ. ಅದನ್ನು ನಂಬಿ, ಇಮೇಜ್‌ನೆಟ್‌ನಲ್ಲಿ ಮೊದಲೇ ತರಬೇತಾದ ನನ್ನ ರೆಸ್‌ನೆಟ್-50ರಲ್ಲೂ ಎಲ್ಲ 3×3 ಲೇಯರ್ ತೆಗೆದು 7×7 ಹಾಕಿದೆ. ಎಲೆರೋಗದ 600 ಟೆಸ್ಟ್ ಚಿತ್ರಗಳ ಮೇಲೆ 91 ಇದ್ದದ್ದು 88ಕ್ಕೆ ಇಳಿಯಿತು. ಪೇಪರ್ ತಪ್ಪೇ, ನಾನು ಓದಿದ್ದು ತಪ್ಪೇ? ಒಂದೊಂದೇ ಭಾಗ ಸೇರಿಸಿ ಅಥವಾ ತೆಗೆದು ಅಂಕ ನೋಡುವ ಇಂಥ ಅಬ್ಲೇಷನ್ ಕೋಷ್ಟಕದಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ಭಾಗ ಯಾವುದೆಂದು ಕಂಡುಹಿಡಿಯುವುದು ಹೇಗೆ?

ಉತ್ತರ: ಪೇಪರ್ ತಪ್ಪಿಲ್ಲ. ಏರಿಕೆಯೂ ನಿಜ. ಆದರೆ ನೀವು ಒಂದು ಸಾಲನ್ನಷ್ಟೇ ಎತ್ತಿಕೊಂಡಿರಿ, ಅದರ ಮೇಲಿನ ಸಾಲನ್ನು ಅಲ್ಲೇ ಬಿಟ್ಟಿರಿ. 80.6 ಹೇಗೆ ಬಂತು ಎಂದು ಕೇಳುವ ಮೊದಲು 79.9 ಹೇಗೆ ಬಂತು ಎಂದು ಕೇಳಬೇಕಿತ್ತು.

2022ರ ಈ ಪೇಪರ್‌ನಲ್ಲಿ ಲೇಖಕರು ರೆಸ್‌ನೆಟ್-50 ಅನ್ನು ಹಿಡಿದು, ಒಂದೊಂದೇ ಬದಲಾವಣೆ ಮಾಡುತ್ತ, ಸ್ವಿನ್ ಟ್ರಾನ್ಸ್‌ಫಾರ್ಮರ್‌ನ ವಿನ್ಯಾಸದ ಹತ್ತಿರ ಹೋಗುತ್ತಾರೆ. ಪ್ರತಿ ಬದಲಾವಣೆಗೂ ಇಮೇಜ್‌ನೆಟ್ ನಿಖರತೆಯ ಜೊತೆಗೆ ಲೆಕ್ಕಾಚಾರದ ಖರ್ಚನ್ನೂ ಗಿಗಾಫ್ಲಾಪ್ಸ್‌ನಲ್ಲಿ ಕೊಡುತ್ತಾರೆ. ಕರ್ನಲ್ ವಿಷಯಕ್ಕೆ ಕೈ ಹಾಕುವ ಹೊತ್ತಿಗೆ ಮಾದರಿ 80.6ರಲ್ಲಿತ್ತು, ಖರ್ಚು 4.6. ಆಗ ಬ್ಲಾಕ್‌ನ ಆಕಾರ ಹೇಗಿತ್ತೆಂದರೆ ನಡುಭಾಗ ನಾಲ್ಕು ಪಟ್ಟು ಅಗಲ, ಪ್ರತಿ ಚಾನೆಲನ್ನೂ ಬೇರೆಬೇರೆಯಾಗಿ ನೋಡುವ ಡೆಪ್ತ್‌ವೈಸ್ ಲೇಯರ್ ಇದ್ದದ್ದು ಆ ಅಗಲದ ಜಾಗದಲ್ಲೇ. ಅಲ್ಲಿ ದೊಡ್ಡ ಕರ್ನಲ್ ಇಟ್ಟರೆ ದುಬಾರಿ. ಅದಕ್ಕಾಗಿ ಆ ಲೇಯರನ್ನು ಬ್ಲಾಕ್‌ನ ಆರಂಭಕ್ಕೆ, ಚಾನೆಲ್ ಕಡಿಮೆ ಇರುವ ಕಡೆಗೆ, ಸರಿಸಿದರು. ಖರ್ಚು 4.1ಕ್ಕೆ ಇಳಿಯಿತು, ನಿಖರತೆಯೂ 79.9ಕ್ಕೆ ಬಿತ್ತು. ಆಮೇಲೆ 7×7 ಬಂತು, 80.6ಕ್ಕೆ ಮರಳಿ ಏರಿತು, ಖರ್ಚು 4.2.

ಅಂದರೆ ಎರಡು ಹೆಜ್ಜೆ ಸೇರಿಸಿ ನೋಡಿದರೆ ನಿಖರತೆ ಎಲ್ಲಿತ್ತೋ ಅಲ್ಲೇ ಇದೆ, 4.6ರ ಖರ್ಚು 4.2 ಆಗಿದೆ. ಒಳ್ಳೆಯ ಉಳಿತಾಯವೇ. ಆದರೆ ಅದು '7×7 ಹಾಕಿದರೆ 0.7 ಹೆಚ್ಚುತ್ತದೆ' ಎಂಬ ಮಾತಲ್ಲ. 3×3 ಕರ್ನಲ್ ಸಣ್ಣ ಜಾಗದಲ್ಲಿ ಸಿಕ್ಕಿಹಾಕಿಕೊಂಡಾಗ ಕಳೆದುಹೋದದ್ದನ್ನು 7×7 ತಂದುಕೊಟ್ಟಿತು ಎಂದು ನಾನು ಓದಿಕೊಳ್ಳುತ್ತೇನೆ. ಲೇಯರನ್ನು ಸರಿಸದೆ ಕರ್ನಲ್ ಮಾತ್ರ ಹಿಗ್ಗಿಸಿದ್ದರೆ ಎಷ್ಟು ಸಿಗುತ್ತಿತ್ತು ಎಂಬುದಕ್ಕೆ ಈ ಸಾಲುಗಳಲ್ಲಿ ಉತ್ತರವಿಲ್ಲ. ಲೇಖಕರು ಏನನ್ನೂ ಮುಚ್ಚಿಟ್ಟಿಲ್ಲ, ಇಳಿದದ್ದನ್ನೂ ಚಿತ್ರದಲ್ಲಿ ತೋರಿಸಿದ್ದಾರೆ. 9×9, 11×11ಕ್ಕೆ ಹೋದರೆ ಮತ್ತೇನೂ ಸಿಗುವುದಿಲ್ಲ ಎಂದೂ ಬರೆದಿದ್ದಾರೆ. ಪೇಪರ್ ಬಾಯಿಂದ ಬಾಯಿಗೆ ಹೋಗುವಾಗ ಉಳಿದದ್ದು '7×7' ಮಾತ್ರ.

ಯಾವ ಅಬ್ಲೇಷನ್ ಕೋಷ್ಟಕ ಕೈಗೆ ಬಂದರೂ ನಾನು ಮೊದಲು ನೋಡುವುದು ಏರಿಕೆಗಳನ್ನಲ್ಲ, ಇಳಿಕೆಗಳನ್ನು. ಇಳಿದ ಸಾಲಿನ ಕೆಳಗಿರುವ ಸಾಲು ಯಾವಾಗಲೂ ತನ್ನ ಯೋಗ್ಯತೆಗಿಂತ ಎತ್ತರವಾಗಿ ಕಾಣುತ್ತದೆ.

ಇದೇ ಪೇಪರ್‌ನಲ್ಲಿ ಇನ್ನೊಂದು ಇಳಿಕೆ ಇದೆ. ಮಾದರಿ 79.5ರಲ್ಲಿದ್ದಾಗ, 4.4ರ ಖರ್ಚಿನಲ್ಲಿ, ಸಾಮಾನ್ಯ ಕಾನ್ವಲ್ಯೂಷನ್ ತೆಗೆದು ಡೆಪ್ತ್‌ವೈಸ್ ಹಾಕುತ್ತಾರೆ. ನಿಖರತೆ 78.3ಕ್ಕೆ, ಖರ್ಚು 2.4ಕ್ಕೆ ಇಳಿಯುತ್ತದೆ. ಉಳಿದ ಖರ್ಚನ್ನು ಅಗಲಕ್ಕೆ ಸುರಿಯುತ್ತಾರೆ: ಮೊದಲ ಹಂತದ 64 ಚಾನೆಲ್ 96 ಆಗುತ್ತದೆ. ಈಗ 80.5, ಖರ್ಚು 5.3. ಎರಡನ್ನೂ ಸೇರಿಸಿದರೆ ಪೂರ್ತಿ ಒಂದು ಅಂಶದ ಏರಿಕೆ. ಆದರೆ ಖರ್ಚೂ ಐದನೇ ಒಂದು ಭಾಗದಷ್ಟು ಹೆಚ್ಚಿದೆ. ಹಳೆಯ ಕಾನ್ವಲ್ಯೂಷನ್ನನ್ನೇ ಇಟ್ಟುಕೊಂಡು, ಅದಕ್ಕೂ ಅಷ್ಟೇ ಖರ್ಚು ಕೊಟ್ಟು ಅಗಲ ಮಾಡಿದ್ದರೆ ಎಷ್ಟಾಗುತ್ತಿತ್ತು? ಆ ಸಾಲು ಅಲ್ಲಿಲ್ಲ. ಹಾಗಾಗಿ ಈ ಒಂದು ಅಂಶದಲ್ಲಿ ಡೆಪ್ತ್‌ವೈಸ್‌ನ ಪಾಲೆಷ್ಟು, ಬರೀ ಗಾತ್ರದ ಪಾಲೆಷ್ಟು ಎಂದು ಇದೊಂದರಿಂದ ಬೇರ್ಪಡಿಸಲು ಆಗುವುದಿಲ್ಲ. ಕಾನ್ವ್‌ನೆಕ್ಸ್ಟ್ ಮಟ್ಟಿಗೆ ಇದು ದೊಡ್ಡ ತಕರಾರಲ್ಲ, ಯಾಕೆಂದರೆ ಮುಂದಿನ ಹೆಜ್ಜೆಗಳಲ್ಲಿ ಖರ್ಚು ಇಳಿದು ಕೊನೆಗೆ 4.5ರಲ್ಲಿ, ಸ್ವಿನ್‌ನ ಚಿಕ್ಕ ಮಾದರಿಯ ಸಮಕ್ಕೆ ನಿಲ್ಲುತ್ತದೆ. ಬೇರೆ ಎಷ್ಟೋ ಪೇಪರ್‌ಗಳಲ್ಲಿ ಹೊಸ ಮಾಡ್ಯೂಲ್ ಸೇರಿಸಿದಾಗ ಪ್ಯಾರಾಮೀಟರ್ ಎಷ್ಟು ಹೆಚ್ಚಿತು ಎಂಬ ಕಾಲಮ್ಮೇ ಇರುವುದಿಲ್ಲ. ಅಲ್ಲಿ 'ನಮ್ಮ ಮಾಡ್ಯೂಲ್‌ನಿಂದ 1.2' ಎಂದಿದ್ದರೆ, ಅಷ್ಟೇ ತೂಕದ ಸಾದಾ ಲೇಯರ್ ಇಟ್ಟು ಹೋಲಿಸಿದ್ದಾರೆಯೇ ಎಂದು ಹುಡುಕಿ. ಹೋಲಿಸಿಲ್ಲದಿದ್ದರೆ ಆ 1.2 ಮಾಡ್ಯೂಲ್‌ನದೋ ದಪ್ಪದ್ದೋ ಹೇಳಲು ಬರುವುದಿಲ್ಲ.

ಈಗ ಮೆಟ್ಟಿಲ ಬುಡಕ್ಕೆ ಬನ್ನಿ. ರೆಸ್‌ನೆಟ್-50ರ ಮೂಲ ಅಂಕ 76.1. ಕೊನೆಯ ಮಾದರಿ 82.0. ಒಟ್ಟು ಏರಿಕೆ 5.9. ಇದರಲ್ಲಿ ಅತಿ ದೊಡ್ಡ ಒಂಟಿ ಹೆಜ್ಜೆ ಯಾವುದು ಗೊತ್ತೇ? ಮಾದರಿಯ ಒಂದು ಲೇಯರನ್ನೂ ಮುಟ್ಟದೆ, ತರಬೇತಿಯ ಕ್ರಮವನ್ನು ಮಾತ್ರ ಬದಲಿಸಿದ್ದು. 90 ಇಪಾಕ್ ಬದಲು 300, ಆಡಮ್‌ಡಬ್ಲ್ಯೂ ಆಪ್ಟಿಮೈಸರ್, ಮಿಕ್ಸಪ್, ಕಟ್‌ಮಿಕ್ಸ್, ರ‍್ಯಾಂಡ್‌ಆಗ್ಮೆಂಟ್, ಸ್ಟೊಕ್ಯಾಸ್ಟಿಕ್ ಡೆಪ್ತ್, ಲೇಬಲ್ ಸ್ಮೂದಿಂಗ್. ಇಷ್ಟಕ್ಕೇ 78.8. ಒಟ್ಟು ಏರಿಕೆಯ ಸುಮಾರು ಅರ್ಧ, 2.7, ಇಲ್ಲೇ ಮುಗಿಯಿತು. ಸಾಂಪ್ರದಾಯಿಕ ಕಾನ್ವ್‌ನೆಟ್‌ಗೂ ಟ್ರಾನ್ಸ್‌ಫಾರ್ಮರ್‌ಗೂ ಇದ್ದ ಅಂತರದ ದೊಡ್ಡ ಭಾಗ ತರಬೇತಿಯ ವಿಧಾನದ್ದೇ ಇರಬಹುದು ಎಂದು ಲೇಖಕರೇ ಹೇಳುತ್ತಾರೆ. ಮುಂದಿನ ಎಲ್ಲ ಸಾಲುಗಳಿಗೂ ಇದೇ ಕ್ರಮವನ್ನು ಬದಲಿಸದೆ ಬಳಸಿದ್ದು ಅವರ ಶಿಸ್ತು. ಅದಿಲ್ಲದಿದ್ದರೆ ಮುಂದಿನ ಯಾವ ಅಂಕಿಗೂ ಅರ್ಥವಿರುತ್ತಿರಲಿಲ್ಲ.

ಆದರೂ 78.8 ರೆಸ್‌ನೆಟ್-50ರ ಮಿತಿಯಲ್ಲ. 2021ರಲ್ಲಿ ವೈಟ್‌ಮನ್, ಟೂವ್ರೋಂ ಮತ್ತು ಜೆಗು ಇದೇ ವಿನ್ಯಾಸವನ್ನು ಅದಕ್ಕೇ ಹೊಂದುವ ಕ್ರಮದಲ್ಲಿ 600 ಇಪಾಕ್ ತರಬೇತಿ ಕೊಟ್ಟು 80.4 ಮುಟ್ಟಿಸಿದರು. ಇಪಾಕ್ ದುಪ್ಪಟ್ಟು, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆಯುವುದು ನ್ಯಾಯವಲ್ಲ. ನಾನು ಆ ಮಾತು ತೆಗೆದದ್ದು ಬೇರೆ ಕಾರಣಕ್ಕೆ: ಬೇಸ್‌ಲೈನ್ ಎನ್ನುವುದು ಗೋಡೆಯ ಮೇಲೆ ಕೊರೆದ ಗೆರೆಯಲ್ಲ, ಎಷ್ಟು ಮುತುವರ್ಜಿ ವಹಿಸುತ್ತೀರೋ ಅಷ್ಟು ಮೇಲೇರುತ್ತದೆ. ನೀವು ಓದುತ್ತಿರುವ ಪೇಪರ್‌ನಲ್ಲಿ ಬೇಸ್‌ಲೈನ್‌ನ ಅಂಕಿಯನ್ನು ಹಳೆಯ ಪೇಪರ್‌ನಿಂದ ಎತ್ತಿ ಹಾಕಿದ್ದಾರೋ, ತಾವೇ ಹೊಸ ಕ್ರಮದಲ್ಲಿ ಓಡಿಸಿದ್ದಾರೋ ನೋಡಿ. ಎತ್ತಿ ಹಾಕಿದ್ದರೆ ಮೊದಲ ಸಾಲಿಗೂ ಎರಡನೇ ಸಾಲಿಗೂ ನಡುವಿನ ಅಂತರವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಯಾವುದನ್ನು ಮೊದಲು ಸೇರಿಸಿದರು ಎಂಬ ಕ್ರಮದ ಪ್ರಶ್ನೆ. ಸರಳವಾಗಿಸಲು ಊಹೆಯ ಅಂಕಿ ತೆಗೆದುಕೊಳ್ಳೋಣ. ಖಾಲಿ ಮಾದರಿ 70. 'ಅ' ಮಾತ್ರ ಸೇರಿಸಿದರೆ 73, 'ಆ' ಮಾತ್ರ ಸೇರಿಸಿದರೂ 73, ಎರಡೂ ಸೇರಿದರೆ 73.5. 'ಅ'ವನ್ನು ಮೊದಲು ಸೇರಿಸಿದ ಪೇಪರ್‌ನಲ್ಲಿ ಅದಕ್ಕೆ 3 ಅಂಕ, 'ಆ'ಗೆ 0.5. ಕ್ರಮ ತಿರುಗಿಸಿದರೆ ಕೀರ್ತಿಯೂ ತಿರುಗುತ್ತದೆ. ಪೂರ್ತಿ ಮಾದರಿಯಿಂದ ಒಂದೊಂದನ್ನೇ ತೆಗೆದು ನೋಡುವ ಪದ್ಧತಿ ಹಿಡಿದರೆ ಎರಡೂ 0.5ರವು, ಎರಡೂ ನಗಣ್ಯ ಎನಿಸುತ್ತವೆ. ಮೂರು ಕೋಷ್ಟಕಗಳೂ ಸತ್ಯ. ಎರಡು ಭಾಗಗಳೂ ಒಂದೇ ಕೆಲಸವನ್ನು ಮಾಡುತ್ತಿವೆ, ಯಾವುದಾದರೂ ಒಂದು ಸಾಕು ಎಂಬ ನಿಜಾಂಶ ಮಾತ್ರ ನಾಲ್ಕೂ ಅಂಕಿ ಒಟ್ಟಿಗೆ ಇದ್ದಾಗಲೇ ಕಾಣುವುದು. ಆದ್ದರಿಂದ ಏಣಿಯಂತೆ ಏರುವ ಕೋಷ್ಟಕದಲ್ಲಿ ಮೊದಲ ಸಾಲುಗಳಿಗೆ ಸಿಕ್ಕ ದೊಡ್ಡ ಅಂಕಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ: ಖಾಲಿ ಮಾದರಿಯಲ್ಲಿ ಏನು ಹಾಕಿದರೂ ಲಾಭ ಬೇಗ ಕಾಣುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು, ಒಂದು ಭಾಗ ಇನ್ನೊಂದಿದ್ದರೆ ಮಾತ್ರ ಕೆಲಸ ಮಾಡುವುದು. ಕಾನ್ವ್‌ನೆಕ್ಸ್ಟ್‌ನಲ್ಲಿ ಬ್ಯಾಚ್ ನಾರ್ಮ್ ತೆಗೆದು ಲೇಯರ್ ನಾರ್ಮ್ ಹಾಕಿದಾಗ 81.4 ಇದ್ದದ್ದು 81.5 ಆಗುತ್ತದೆ. ಇದೇ ಬದಲಾವಣೆಯನ್ನು ಮೂಲ ರೆಸ್‌ನೆಟ್‌ನಲ್ಲಿ ನೇರ ಮಾಡಿದರೆ ಫಲಿತಾಂಶ ಕೆಡುತ್ತದೆ ಎಂದು ಪೇಪರ್‌ನಲ್ಲೇ ಇದೆ. ಅಂದರೆ ಆ ಸಾಲು ಲೇಯರ್ ನಾರ್ಮ್ ಬಗ್ಗೆ ಹೇಳುತ್ತಿಲ್ಲ, ಹಿಂದಿನ ಎಲ್ಲ ಬದಲಾವಣೆಗಳ ಮೇಲೆ ಕುಳಿತ ಲೇಯರ್ ನಾರ್ಮ್ ಬಗ್ಗೆ ಹೇಳುತ್ತಿದೆ. ನೀವು ಆ ಸಾಲನ್ನು ಕಿತ್ತು ನಿಮ್ಮ ಮಾದರಿಗೆ ತಂದಿದ್ದರೂ ಸೋಲುತ್ತಿದ್ದಿರಿ.

ಗಾತ್ರ ಬದಲಾದರೂ ಕಥೆ ಬದಲಾಗುತ್ತದೆ. ಬ್ಲಾಕ್‌ನ ನಡುಭಾಗವನ್ನು ಅಗಲ ಮಾಡುವ ಹೆಜ್ಜೆ ಚಿಕ್ಕ ಮಾದರಿಯಲ್ಲಿ 80.5ರಿಂದ 80.6ಕ್ಕೆ, ಬರೀ 0.1 ತಂದಿತು. ಅದೇ ಹೆಜ್ಜೆ ರೆಸ್‌ನೆಟ್-200 ಗಾತ್ರದಲ್ಲಿ 81.9ರಿಂದ 82.6ಕ್ಕೆ ಒಯ್ದಿತು. ಚಿಕ್ಕ ಮಾದರಿಯ ಕೋಷ್ಟಕವನ್ನಷ್ಟೇ ನೋಡಿದವರು ಈ ಭಾಗವನ್ನು ಕಸಕ್ಕೆ ಹಾಕುತ್ತಿದ್ದರು.

ಒಂದನ್ನು ತೆಗೆದು ನೋಡುವ ಕೋಷ್ಟಕಗಳಿಗೆ ಇನ್ನೊಂದು ರೋಗವಿದೆ. ಲರ್ನಿಂಗ್ ರೇಟ್, ವೇಟ್ ಡಿಕೇ ಇವುಗಳನ್ನೆಲ್ಲ ಪೂರ್ತಿ ಮಾದರಿಗೆ ಹದ ಮಾಡಿರುತ್ತಾರೆ. ನಂತರ ಒಂದು ಭಾಗ ತೆಗೆದು, ಹದ ಮಾತ್ರ ಹಾಗೇ ಇಟ್ಟು ಓಡಿಸುತ್ತಾರೆ. ಅಂಕ ಬೀಳುತ್ತದೆ. ಬಿದ್ದದ್ದು ಭಾಗ ಹೋದದ್ದಕ್ಕೋ, ಉಳಿದದ್ದಕ್ಕೆ ಆ ಲರ್ನಿಂಗ್ ರೇಟ್ ಒಗ್ಗದ್ದಕ್ಕೋ? ಅನುಬಂಧದಲ್ಲಿ 'ಪ್ರತಿ ಸಾಲಿಗೂ ಪ್ರತ್ಯೇಕವಾಗಿ ಹುಡುಕಿದ್ದೇವೆ' ಎಂದಿದ್ದರೆ ಮಾತ್ರ ಮೊದಲನೆಯದನ್ನು ನಂಬಬಹುದು. ಇದು ಬರೀ ಸಂಶಯವಲ್ಲ. 2017ರಲ್ಲಿ ಮೆಲಿಸ್, ಡೈಯರ್, ಬ್ಲನ್ಸಂ ಎಂಬ ಮೂವರು ಭಾಷಾ ಮಾದರಿಗಳನ್ನು ಸಮನಾಗಿ ಹದ ಮಾಡಿ ಹೋಲಿಸಿದಾಗ, ಹಳೆಯ ಸಾದಾ ಎಲ್‌ಎಸ್‌ಟಿಎಂ ಆಗಿನ ಹೊಸ ವಿನ್ಯಾಸಗಳನ್ನು ಹಿಂದಿಕ್ಕಿತ್ತು.

ಇನ್ನು ಗದ್ದಲ. ಇಮೇಜ್‌ನೆಟ್ ಪರೀಕ್ಷೆಯಲ್ಲಿ 50,000 ಚಿತ್ರಗಳಿವೆ, ಆದ್ದರಿಂದ 0.1 ಅಂದರೆ 50 ಚಿತ್ರ. ಕಾನ್ವ್‌ನೆಕ್ಸ್ಟ್‌ನ ಈ ಮೆಟ್ಟಿಲುಗಳಲ್ಲಿ ಪ್ರತಿ ಅಂಕಿಯೂ ಮೂರು ಬೇರೆ ಬೇರೆ ಸೀಡ್‌ಗಳ ಸರಾಸರಿ, ಸೀಡ್‌ನಿಂದ ಸೀಡ್‌ಗೆ ಹೊಯ್ದಾಟ ಹೆಚ್ಚುಕಡಿಮೆ 0.1ರಷ್ಟು. ಮೂರು ಓಟಗಳ ಎರಡು ಸರಾಸರಿಗಳ ವ್ಯತ್ಯಾಸಕ್ಕೆ ಇರುವ ಅನಿಶ್ಚಿತತೆ ಹೀಗೆ ಬರುತ್ತದೆ:

```
0.1 × √(2/3) ≈ 0.08
```

ಆದ್ದರಿಂದ 0.1ರ ಸಾಲುಗಳು, ಚಿತ್ರವನ್ನು ಆರಂಭದಲ್ಲೇ ಚೌಕಗಳಾಗಿ ತುಂಡರಿಸುವ ಪ್ಯಾಚಿಫೈ, ಲೇಯರ್ ನಾರ್ಮ್ ಇತ್ಯಾದಿ, ಗದ್ದಲದಿಂದ ಬೇರ್ಪಡುವುದಿಲ್ಲ. ಅವು 'ಕೆಡಿಸಲಿಲ್ಲ' ಎಂದಷ್ಟೇ ಓದಿ. 0.5, 0.7ರ ಸಾಲುಗಳು ಗಟ್ಟಿ.

ಹಾಗಾದರೆ ವಿನ್ಯಾಸದ ಬದಲಾವಣೆಗಳಲ್ಲಿ ನಿಜವಾಗಿ ದುಡಿದದ್ದು ಯಾವುದು ಎಂದು ನನ್ನನ್ನು ಕೇಳಿದರೆ, ಯಾರೂ ಮಾತಾಡದ ಒಂದು ಸಾಲನ್ನು ತೋರಿಸುತ್ತೇನೆ. ರೆಲು ಆಕ್ಟಿವೇಷನ್ ಬದಲು ಗೆಲು ಆಕ್ಟಿವೇಷನ್ ಹಾಕಿದಾಗ ಏನೂ ಆಗಲಿಲ್ಲ, 80.6 ಹಾಗೇ ಉಳಿಯಿತು. ಆಮೇಲೆ ಬ್ಲಾಕ್‌ನಲ್ಲಿ ಒಂದೇ ಒಂದು ಗೆಲು ಉಳಿಸಿ ಮಿಕ್ಕ ಆಕ್ಟಿವೇಷನ್‌ಗಳನ್ನೆಲ್ಲ ಕಿತ್ತರು: 81.3. ಪ್ಯಾರಾಮೀಟರ್ ಹೆಚ್ಚಲಿಲ್ಲ, ಖರ್ಚು ಹೆಚ್ಚಲಿಲ್ಲ, ಹಿಂದಿನ ಸಾಲಿನಲ್ಲಿ ಇಳಿಕೆ ಇಲ್ಲ, ಗದ್ದಲಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ಒಂದು ಸಾಲಿಗೇ ಸ್ವಿನ್‌ನ ಚಿಕ್ಕ ಮಾದರಿಯ ಅಂಕ ಮುಟ್ಟಿಬಿಟ್ಟರು. ಕರ್ನಲ್‌ನ 0.7ಕ್ಕೂ ಇದರ 0.7ಕ್ಕೂ ಕೋಷ್ಟಕದಲ್ಲಿ ವ್ಯತ್ಯಾಸವಿಲ್ಲ, ಸಾಕ್ಷ್ಯವಾಗಿ ಅಜಗಜಾಂತರ. (ಇದೂ ಮೇಲಿನ ಕ್ರಮದ ಷರತ್ತಿಗೆ ಒಳಪಟ್ಟದ್ದೇ. ಮೂಲ ರೆಸ್‌ನೆಟ್‌ನಲ್ಲಿ ಆಕ್ಟಿವೇಷನ್ ಕಿತ್ತರೆ ಏನಾಗುತ್ತದೆ ಎಂದು ಈ ಸಾಲು ಹೇಳುವುದಿಲ್ಲ. ನಾಳೆಯೇ ಕೀಳಲು ಹೋಗಬೇಡಿ!)

ನಿಮ್ಮ 88ರ ವಿಷಯ. ಕಾನ್ವ್‌ನೆಕ್ಸ್ಟ್‌ನ 7×7 ಡೆಪ್ತ್‌ವೈಸ್, ಅಂದರೆ ಪ್ರತಿ ಚಾನೆಲ್‌ಗೂ ತನ್ನದೇ ಒಂದು ಫಿಲ್ಟರ್, ಬೇರೆ ಚಾನೆಲ್‌ಗಳ ಗೊಡವೆ ಇಲ್ಲ. ಕೋಡ್‌ನಲ್ಲಿ ಆ ವ್ಯತ್ಯಾಸವೆಲ್ಲ ಕೊನೆಯ ಒಂದು ಪದದಲ್ಲಿದೆ:

```
nn.Conv2d(384, 384, kernel_size=7, padding=3, groups=384)
```

ಇದರಲ್ಲಿ ತೂಕಗಳು 384 × 49, ಅಂದರೆ 18,816. ರೆಸ್‌ನೆಟ್-50ರ ಮೂರನೇ ಹಂತದ ಒಂದು 3×3 ಲೇಯರ್‌ನಲ್ಲಿ 256 × 256 × 9, ಸುಮಾರು 5.9 ಲಕ್ಷ. ಅದನ್ನು ಹಾಗೇ 7×7 ಮಾಡಿದರೆ 32 ಲಕ್ಷ. ಒಟ್ಟು 16 ಬ್ಲಾಕ್‌ಗಳ 3×3 ಲೇಯರ್‌ಗಳಲ್ಲಿ 1.13 ಕೋಟಿ ತೂಕಗಳಿದ್ದವು, ನಿಮ್ಮ ಬದಲಾವಣೆಯಿಂದ ಅವು 6.16 ಕೋಟಿ ಆದವು. 2.56 ಕೋಟಿಯ ಮಾದರಿ 7.6 ಕೋಟಿಯದಾಯಿತು. ಇನ್ನೂ ಕೆಟ್ಟದ್ದೆಂದರೆ ಆ 6.16 ಕೋಟಿಯೂ ಹೊಸ ಲೇಯರ್‌ಗಳು, ಇಮೇಜ್‌ನೆಟ್‌ನಿಂದ ಕಲಿತದ್ದೇನೂ ಅವುಗಳಲ್ಲಿಲ್ಲ, ಯಾದೃಚ್ಛಿಕ ಅಂಕಿಗಳು. ನೀವು ಒಂದು ಬದಲಾವಣೆ ಮಾಡಿದೆ ಅಂದುಕೊಂಡಿರಿ, ಮಾಡಿದ್ದು ಮೂರು: ಕರ್ನಲ್ ದೊಡ್ಡದಾಯಿತು, ಮಾದರಿ ಮೂರು ಪಟ್ಟಾಯಿತು, ಕಲಿತ ತೂಕ ಹೋಯಿತು.

ಇವನ್ನು ಬೇರ್ಪಡಿಸಲು ಎರಡು ಓಟ ಸಾಕು. ಮೊದಲನೆಯದರಲ್ಲಿ ಕರ್ನಲ್ 3×3 ಹಾಗೇ ಇರಲಿ, ಆ ಲೇಯರ್‌ಗಳ ತೂಕವನ್ನು ಮಾತ್ರ ಅಳಿಸಿ:

```
for m in model.modules():
    if isinstance(m, nn.Conv2d) and m.kernel_size == (3, 3):
        m.reset_parameters()
```

ಎರಡನೆಯದರಲ್ಲಿ 7×7 ಹಾಕಿ, ಆದರೆ ಹಳೆಯ 3×3 ತೂಕವನ್ನು ಅದರ ನಟ್ಟನಡುವೆ ಕೂರಿಸಿ ಸುತ್ತಲೂ ಸೊನ್ನೆ ತುಂಬಿ:

```
with torch.no_grad():
    new.weight.zero_()
    new.weight[:, :, 2:5, 2:5] = old.weight
```

ಹೊಸ ಲೇಯರ್‌ಗೆ `padding=3` ಕೊಟ್ಟು, ಹಳೆಯದರ `stride` ಮತ್ತು `bias=False` ಉಳಿಸಿಕೊಂಡರೆ, ತರಬೇತಿಗೆ ಮುಂಚೆ ಈ ಮಾದರಿಯ ಉತ್ತರ ಹಳೆಯದಕ್ಕೆ ಸಮನಾಗಿರಬೇಕು. ಒಂದು ಚಿತ್ರ ಕೊಟ್ಟು ಎರಡರ ಫಲಿತಾಂಶವನ್ನೂ ಹೋಲಿಸಿ. ದಶಮಾಂಶದ ಸಣ್ಣ ವ್ಯತ್ಯಾಸಕ್ಕಿಂತ ಹೆಚ್ಚು ಬಂದರೆ ಎಲ್ಲೋ ಎಡವಟ್ಟಾಗಿದೆ, ಮುಂದೆ ಹೋಗಬೇಡಿ.

ತೂಕ ಅಳಿಸಿದ 3×3 ಕೂಡ 88ರ ಆಸುಪಾಸಿಗೆ ಬಿದ್ದರೆ, ನಿಮ್ಮ ಇಳಿಕೆಗೂ ಕರ್ನಲ್‌ಗೂ ಸಂಬಂಧವಿಲ್ಲ, ಹೋದದ್ದು ಕಲಿತ ತೂಕ. ಅದು 91ರಲ್ಲೇ ನಿಂತು ನಡುವೆ ಕೂರಿಸಿದ 7×7 ಮಾತ್ರ ಬಿದ್ದರೆ, ದೊಡ್ಡ ಮಾದರಿ ನಿಮ್ಮ ಚಿಕ್ಕ ಡೇಟಾವನ್ನು ಬಾಯಿಪಾಠ ಮಾಡುತ್ತಿದೆ ಎಂದು ಅನುಮಾನಿಸಿ, ತರಬೇತಿ ನಿಖರತೆ ಎಷ್ಟಿದೆ ನೋಡಿ. ಮೊದಲನೆಯದೇ ಹೆಚ್ಚು ಸಂಭವ ಎಂದು ನನ್ನ ಊಹೆ.

ಪ್ರತಿಯೊಂದನ್ನೂ ಮೂರು ಸೀಡ್‌ನಲ್ಲಿ ಓಡಿಸಿ, ಮೂಲ ಮಾದರಿಯನ್ನೂ ಸೇರಿಸಿ. 600 ಚಿತ್ರಗಳಲ್ಲಿ 91 ಮತ್ತು 88ರ ವ್ಯತ್ಯಾಸ ಬರೀ 18 ಚಿತ್ರ. ಶೇಕಡಾ ಅಂಕಿ ನೋಡುವ ಬದಲು ಚಿತ್ರಗಳನ್ನೇ ಎಣಿಸಿ: ಹಳೆಯದು ಸರಿ ಹೇಳಿ ಹೊಸದು ತಪ್ಪಿದ್ದು ಎಷ್ಟು, ಹಳೆಯದು ತಪ್ಪಿ ಹೊಸದು ಸರಿ ಹೇಳಿದ್ದು ಎಷ್ಟು. 28 ಮತ್ತು 10 ಆಗಿದ್ದರೆ ಇಳಿಕೆ ನಿಜ: ಬದಲಾದ 38ರ ವರ್ಗಮೂಲ 6ರ ಹತ್ತಿರ, 18 ಅದರ ಮೂರು ಪಟ್ಟು. 60 ಮತ್ತು 42 ಆಗಿದ್ದರೆ ವರ್ಗಮೂಲವೇ 10ರ ಹತ್ತಿರ ಬರುತ್ತದೆ. ಆಗ ಅದೇ 18 ಚಿತ್ರಗಳ ಅಂತರ ಇನ್ನೊಂದು ಸೀಡ್‌ನಲ್ಲಿ ಕಾಣದೆಯೂ ಹೋಗಬಹುದು.